ತಾರಸಿ ರಿಪೇರಿಯ ಗುತ್ತಿಗೆ: ಒಬ್ಬರೇ ಹಿಡಿಯುವವರ ಲೆಕ್ಕ

ಮನೆ ಕಟ್ಟಡದ ಕೆಲಸವನ್ನು ಸ್ವಂತವಾಗಿ ಶುರು ಮಾಡುವ ಸಿವಿಲ್ ಎಂಜಿನಿಯರ್‌ಗೆ ಅಥವಾ ಅನುಭವಿ ಮೇಸ್ತ್ರಿಗೆ ಸಾಮಾನ್ಯವಾಗಿ ಎರಡು ಬಗೆಯ ಕೆಲಸ ಸಿಗುತ್ತದೆ. ಒಂದು, ಬೇರೆಯವರು ಕಟ್ಟುತ್ತಿರುವ ಮನೆಯ ಮೇಲುಸ್ತುವಾರಿ. ಇನ್ನೊಂದು, ಸಣ್ಣ ರಿಪೇರಿಯ ಗುತ್ತಿಗೆ. ಒಂದೇ ಮನೆಯಲ್ಲಿ ಇವೆರಡನ್ನೂ ಒಬ್ಬರೇ ಹಿಡಿಯುವುದು ಸರಿಯಲ್ಲ. ತನ್ನದೇ ಕೆಲಸವನ್ನು ತಾನೇ ಪರೀಕ್ಷಿಸಿ ಸರಿಯಿದೆ ಎಂದರೆ ಮನೆಯವರಿಗೆ ಅದರಿಂದ ಯಾವ ರಕ್ಷಣೆಯೂ ಇಲ್ಲ. ರಿಪೇರಿಗಳಲ್ಲಿ ಹೆಚ್ಚು ಕರೆ ಬರುವುದು ಸೋರುವ ತಾರಸಿಗೆ, ಹೊಸಬರು ಕೈಯಿಂದ ದುಡ್ಡು ಹಾಕಿಕೊಳ್ಳುವುದೂ ಅದರಲ್ಲೇ.

ದರ ಹೇಳುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗಬೇಕು. ಮಳೆಗಾಲದಲ್ಲಿ ಮಾತ್ರ ಸೀಲಿಂಗ್ ಒದ್ದೆಯಾದರೆ ತಾರಸಿಯ ಮೇಲೆ ಅನುಮಾನ. ಬೇಸಿಗೆಯಲ್ಲೂ ಒದ್ದೆ ಇದ್ದರೆ ಓವರ್‌ಹೆಡ್ ಟ್ಯಾಂಕನ್ನೂ ಪೈಪುಗಳನ್ನೂ ನೋಡಬೇಕು. ರಾತ್ರಿ ಎಲ್ಲ ವಾಲ್ವ್ ಮುಚ್ಚಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿದರೆ, ಟ್ಯಾಂಕ್ ಸೋರುತ್ತಿದೆಯೇ ಎಂಬುದು ಬೆಳಿಗ್ಗೆಗೆ ತಿಳಿಯುತ್ತದೆ. ತಾರಸಿಯ ಪರೀಕ್ಷೆಯೂ ಸರಳ. ಕೆಳಗೆ ಒದ್ದೆ ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯುವುದು, ಮೇಲೆ ನೀರು ಹೋಗುವ ತೂತಿಗೆ ಬಟ್ಟೆ ತುರುಕಿ ಒಂದು ಇಂಚು ನೀರು ನಿಲ್ಲಿಸುವುದು. 24ರಿಂದ 48 ಗಂಟೆಯೊಳಗೆ ಕಲೆ ಗೆರೆ ದಾಟಿದರೆ ದೋಷ ತಾರಸಿಯದ್ದೇ.

ಸೀಲಿಂಗಿನ ಕಾಂಕ್ರೀಟ್ ಉದುರಿ ತುಕ್ಕು ಹಿಡಿದ ಕಬ್ಬಿಣ ಕಾಣುತ್ತಿದ್ದರೆ ಈ ಪರೀಕ್ಷೆ ಮಾಡಬಾರದು, ಮೇಲೆ ಹೊಸ ಗಾರೆಯ ಭಾರವನ್ನೂ ಹೇರಬಾರದು. ಆ ಛಾವಣಿಯನ್ನು ಸ್ಟ್ರಕ್ಚರಲ್ ಎಂಜಿನಿಯರ್ ನೋಡಿದ ಮೇಲೆಯೇ ಮುಂದಿನ ಮಾತು.

ಇನ್ನು ಅಳತೆ. 20 ಅಡಿಗೆ 30 ಅಡಿಯ ತಾರಸಿ, ಅಂದರೆ 600 ಚದರಡಿ. ನೀರು ಹೋಗುವ ತೂತುಗಳು 30 ಅಡಿಯ ಒಂದು ಬದಿಯಲ್ಲಿವೆ. ಹಳೆಯ ಗಾರೆಯಲ್ಲಿ ವಾಟ ಸರಿಯಿಲ್ಲದೆ ನೀರು ಮಡುಗಟ್ಟಿ, ಸುತ್ತಿಗೆಯಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರುತ್ತಿದೆ. ಅದನ್ನು ಕಿತ್ತು ಹೊಸದಾಗಿ ಹಾಕಬೇಕು. ನೂರಕ್ಕೆ ಒಂದರಂತೆ ವಾಟ ಕೊಟ್ಟರೆ 20 ಅಡಿಗೆ ಸುಮಾರು ಎರಡೂವರೆ ಇಂಚು ಇಳಿಜಾರು ಬೇಕು. ತೂತಿನ ಹತ್ತಿರ ಮುಕ್ಕಾಲು ಇಂಚು ಇಟ್ಟರೂ ಎದುರು ಬದಿಯಲ್ಲಿ ಗಾರೆ ಮೂರು ಇಂಚು ದಾಟುತ್ತದೆ, ಸರಾಸರಿ ದಪ್ಪ ಎರಡು ಇಂಚು. 600 ಚದರಡಿಗೆ ಅದು 100 ಘನ ಅಡಿ ಗಾರೆ. ಒಣ ಸಿಮೆಂಟು, ಮರಳು ನೀರು ಸೇರಿದಾಗ ಕುಗ್ಗುವುದರಿಂದ ಮೂರನೇ ಒಂದು ಭಾಗ ಹೆಚ್ಚು ಹಿಡಿದು 133 ಘನ ಅಡಿ ಎಂದಿಟ್ಟುಕೊಳ್ಳಬೇಕು. ಒಂದಕ್ಕೆ ನಾಲ್ಕರ ಮಿಶ್ರಣದಲ್ಲಿ ಸುಮಾರು 22 ಮೂಟೆ ಸಿಮೆಂಟ್, 106 ಘನ ಅಡಿ ಎಂ-ಸ್ಯಾಂಡ್ ಬೇಕಾಗುತ್ತದೆ.

ಕಣ್ಣಳತೆಯಲ್ಲಿ ‘ಒಂದು ಇಂಚು ಗಾರೆ ಸಾಕು’ ಎಂದು ದರ ಒಪ್ಪಿಕೊಂಡವರು 11 ಮೂಟೆಗಷ್ಟೇ ಲೆಕ್ಕ ಕೊಟ್ಟಿರುತ್ತಾರೆ. ಉಳಿದ 11 ಮೂಟೆ, ಅರ್ಧದಷ್ಟು ಮರಳು ಅವರ ಕೂಲಿಯಿಂದಲೇ ಹೋಗುತ್ತದೆ. ಅದನ್ನು ತಪ್ಪಿಸಲು ವಾಟ ಕಡಿಮೆ ಮಾಡಿದರೆ ನೀರು ಮತ್ತೆ ನಿಲ್ಲುತ್ತದೆ. ಮರೆತುಹೋಗುವ ಇನ್ನೊಂದು ಖರ್ಚು ಕಿತ್ತ ಗಾರೆಯ ಸಾಗಣೆ. ಎರಡು ಇಂಚಿನ ಹಳೆ ಗಾರೆಯೂ 100 ಘನ ಅಡಿಯೇ, ಒಡೆದ ಮೇಲೆ ಅದು ಇನ್ನೂ ಹಿಗ್ಗುತ್ತದೆ. ಮೇಲಿನಿಂದ ಇಳಿಸುವ ಆಳುಗಳ ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಎರಡನ್ನೂ ದರಪಟ್ಟಿಯಲ್ಲಿ ಬೇರೆ ಸಾಲಾಗಿಯೇ ಬರೆಯಬೇಕು. ಹಳೆಯದನ್ನು ಕೀಳದೆ ಮೇಲೆಯೇ ಹಾಕಿಬಿಡಿ ಎಂದು ಮನೆಯವರು ಹೇಳುವುದುಂಟು. ಒಪ್ಪಬಾರದು: ಟೊಳ್ಳಾದ ಪದರದ ಮೇಲೆ ಹೊಸ ಗಾರೆ ಹಿಡಿಯುವುದಿಲ್ಲ, ಮೇಲಾಗಿ ಛಾವಣಿಗೆ ಇನ್ನೂ ಆರು ಟನ್ ಹತ್ತಿರದ ಭಾರ ಬೀಳುತ್ತದೆ.

ಕೆಲಸದಲ್ಲಿ ಹೆಚ್ಚು ಗಮನ ಬೇಡುವುದು ಪ್ಯಾರಾಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆ. ಅಲ್ಲಿ ಮೂರು ಇಂಚಿನ ದುಂಡು ಅಂಚು ಕಟ್ಟಬೇಕು. ಬಿಸಿಲಿಗೆ ಹಿಗ್ಗಿ ಕುಗ್ಗುವ ಗಾರೆ ನೇರ ಮೂಲೆಯಲ್ಲಿ ಬಿರುಕು ಬಿಡುತ್ತದೆ. ಗಾರೆಯನ್ನು ಬೆಳಿಗ್ಗೆ ಬೇಗ ಹಾಕಿ, ಗಟ್ಟಿಯಾದ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಕನಿಷ್ಠ ಏಳು ದಿನ ನೀರುಣಿಸಬೇಕು. ನೀರುಣಿಸುವುದು ಯಾರ ಹೊಣೆ ಎಂಬುದು ಮೊದಲೇ ಕಾಗದದ ಮೇಲೆ ಬರಬೇಕು. ಮುಂದೆ ಬಿರುಕು ಕಂಡಾಗ ಜಗಳ ಏಳುವುದೇ ಈ ವಿಷಯಕ್ಕೆ.

ಕೈಯಲ್ಲಿ ಬಂಡವಾಳವಿಲ್ಲದಿದ್ದರೆ ಸಾಮಾನು ಮನೆಯವರದು, ಕೂಲಿ ಮಾತ್ರ ತನ್ನದು ಎಂಬ ಲೇಬರ್ ಕಾಂಟ್ರಾಕ್ಟೇ ಕ್ಷೇಮ. ಹಣವನ್ನು ಹಂತಹಂತವಾಗಿ ಪಡೆಯಬೇಕು: ಸ್ವಲ್ಪ ಮುಂಗಡ, ಹಳೆ ಗಾರೆ ಕಿತ್ತು ಸಾಗಿಸಿದಾಗ ಒಂದು ಕಂತು, ಹೊಸದು ಹಾಕಿದಾಗ ದೊಡ್ಡ ಕಂತು. ಹತ್ತನೇ ಒಂದು ಭಾಗವನ್ನು ಮನೆಯವರ ಕೈಯಲ್ಲೇ ಬಿಡುವುದು ಒಳ್ಳೆಯದು. ನೀರುಣಿಸುವುದು ಮುಗಿದು, ಸೀಲಿಂಗ್ ಒಣಗಿದ ಮೇಲೆ ಅವರೆದುರೇ ಮತ್ತೊಮ್ಮೆ ತೂತು ಮುಚ್ಚಿ ನೀರು ನಿಲ್ಲಿಸಬೇಕು. 48 ಗಂಟೆ ಕಳೆದರೂ ಕೆಳಗೆ ಪೆನ್ಸಿಲ್ ಗೆರೆಯೊಳಗೆ ಹೊಸ ಒದ್ದೆ ಕಾಣದಿದ್ದರೆ ಆ ಕೊನೆಯ ಕಂತನ್ನು ಕೇಳಬಹುದು.