ಹಳೆಯ ಸರಕು ವಾಹನ ಕೊಳ್ಳುವ ಮುನ್ನ ಮಾಲೀಕನಿಗೆ ಕೇಳಬೇಕಾದ ಪ್ರಶ್ನೆಗಳು

ಕಡೂರಿನ ಕೊಬ್ಬರಿ ವರ್ತಕರು, ತರೀಕೆರೆಯ ಅಡಿಕೆ ವ್ಯಾಪಾರಸ್ಥರು, ಅಜ್ಜಂಪುರದ ಈರುಳ್ಳಿ ಮಂಡಿಯವರು ತಮ್ಮ ಮೊದಲ ಸಣ್ಣ ಸರಕು ವಾಹನವನ್ನು ಬಹುಮಟ್ಟಿಗೆ ಖಾಸಗಿ ವ್ಯಕ್ತಿಗಳಿಂದಲೇ ಕೊಳ್ಳುತ್ತಾರೆ. ಮಾರಾಟ ಮಳಿಗೆಗೆ ಹೋಲಿಸಿದರೆ ಬೆಲೆ ಕಡಿಮೆ. ಮಾರುವವರು ಪರಿಚಿತರು ಅಥವಾ ಪರಿಚಿತರ ಪರಿಚಿತರು. ಈ ಪರಿಚಯದ ಕಾರಣದಿಂದಲೇ ಕೇಳಬೇಕಾದ ಮಾತುಗಳು ಬಾಯಿಗೆ ಬರುವುದಿಲ್ಲ. ಇಂಜಿನ್ ಚಾಲೂ ಮಾಡಿ, ಟೈರು ಒದ್ದು ನೋಡಿ, ಮುಂಗಡ ಕೊಟ್ಟು ಬರುವುದೇ ವಾಡಿಕೆ. ಆದರೆ ವಾಹನ ಯಾರ ಕೈಯಲ್ಲಿತ್ತು, ಹೇಗೆ ಓಡಿತು, ಈಗ ಏಕೆ ಮಾರಲ್ಪಡುತ್ತಿದೆ ಎಂಬ ಮೂರು ವಿಷಯಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಒಂದರ ಉತ್ತರವನ್ನು ಮತ್ತೊಂದರ ಜೊತೆಗೆ, ಎರಡನ್ನೂ ದಿನಾಂಕವಿರುವ ಕಾಗದದ ಜೊತೆಗೆ ತಾಳೆ ನೋಡಿದಾಗ ಮಾತ್ರ ವಾಹನದ ನಿಜಸ್ಥಿತಿ ತಿಳಿಯುತ್ತದೆ.

ಮೊದಲನೆಯ ಪ್ರಶ್ನೆ ಸರಳವಾಗಿರಬೇಕು: "ಆರ್.ಸಿ.ಯಲ್ಲಿ ಯಾರ ಹೆಸರಿದೆ, ಅವರು ನಿಮಗೆ ಏನಾಗಬೇಕು?" ಮಾರುತ್ತಿರುವವನೂ ನೋಂದಾಯಿತ ಮಾಲೀಕನೂ ಒಬ್ಬನೇ ಆಗಿರಬೇಕೆಂದಿಲ್ಲ. ಕೂಡು ಕುಟುಂಬಗಳಲ್ಲಿ ವಾಹನ ತಂದೆಯ ಅಥವಾ ಅಣ್ಣನ ಹೆಸರಿನಲ್ಲಿರುತ್ತದೆ. ಕೆಲವೊಮ್ಮೆ ಹಿಂದಿನ ಮಾಲೀಕ ನಮೂನೆ 29 ಮತ್ತು 30ಕ್ಕೆ ಖಾಲಿ ಸಹಿ ಹಾಕಿ ಕೊಟ್ಟಿರುತ್ತಾನೆ. ವಾಹನ ಎರಡು ಮೂರು ಕೈ ದಾಟಿದ್ದರೂ ದಾಖಲೆಯಲ್ಲಿ ಇನ್ನೂ ಆತನೇ ಮಾಲೀಕ. 1988ರ ಮೋಟಾರು ವಾಹನ ಕಾಯಿದೆಯ 50ನೇ ಪ್ರಕರಣದಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಇದನ್ನು ಕೈಬಿಟ್ಟರೆ ಏನಾಗುತ್ತದೆಂಬುದನ್ನು ಸರ್ವೋಚ್ಚ ನ್ಯಾಯಾಲಯವು ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ 2018ರಲ್ಲಿ ಸ್ಪಷ್ಟಪಡಿಸಿದೆ. ಆ ಕಾರು ಒಬ್ಬರಿಂದೊಬ್ಬರಿಗೆ ಹಲವು ಕೈ ದಾಟಿತ್ತು, ಆದರೆ ಹೆಸರು ಬದಲಾಗಿರಲಿಲ್ಲ. 2009ರ ಅಪಘಾತದ ಪರಿಹಾರದ ಹೊಣೆ ಎಂದೋ ಮಾರಿ ಕೈತೊಳೆದುಕೊಂಡಿದ್ದ ನೋಂದಾಯಿತ ಮಾಲೀಕನ ಮೇಲೆಯೇ ಬಂತು. ಈ ತೀರ್ಪನ್ನು ಮಾರುವವನಿಗೆ ನೆನಪಿಸಿದರೆ, ಹೆಸರು ವರ್ಗಾವಣೆಗೆ ಅವನೇ ಅವಸರ ಮಾಡುವುದುಂಟು.

ನೋಂದಾಯಿತ ಮಾಲೀಕ ಬದುಕಿದ್ದಾರೆಯೇ ಎಂದು ಕೇಳಲು ಸಂಕೋಚ ಪಡಬಾರದು. ತೀರಿಕೊಂಡಿದ್ದರೆ ನಮೂನೆ 29, 30ರ ಸಹಿಗೆ ಬೆಲೆಯಿಲ್ಲ. ಮೊದಲು ಮರಣ ಪ್ರಮಾಣಪತ್ರದೊಡನೆ ನಮೂನೆ 31ರಲ್ಲಿ ಅರ್ಜಿ ಸಲ್ಲಿಸಿ ವಾಹನ ವಾರಸುದಾರನ ಹೆಸರಿಗೆ ಬರಬೇಕು, ಉಳಿದ ವಾರಸುದಾರರ ಒಪ್ಪಿಗೆಯೂ ಬೇಕಾಗುತ್ತದೆ. ಅದಾದ ಮೇಲೆಯೇ ಮಾರಾಟ. ಇನ್ನು ಸಾಲದ ಮಾತು. ಬ್ಯಾಂಕು ಅಥವಾ ಫೈನಾನ್ಸ್ ಕಂಪನಿಯ ಸಾಲ ಆರ್.ಸಿ.ಯಲ್ಲಿ ನಮೂದಾಗಿರುತ್ತದೆ, ಕಂತು ಮುಗಿದಿದ್ದರೂ ಸಾಲ ಕೊಟ್ಟವರು ಸಹಿ ಮಾಡಿದ ನಮೂನೆ 35 ಮತ್ತು ಎನ್.ಒ.ಸಿ. ಸಲ್ಲಿಸದ ಹೊರತು ಆ ನಮೂದು ಅಳಿಯುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದದ್ದು ಕೈಸಾಲ. ಊರಿನ ಲೇವಾದೇವಿದಾರನ ಬಳಿ ಮೂಲ ಆರ್.ಸಿ. ಒತ್ತೆಯಿಟ್ಟಿದ್ದರೆ ಯಾವ ಸರ್ಕಾರಿ ದಾಖಲೆಯಲ್ಲೂ ಅದು ಕಾಣದು. "ಆರ್.ಸಿ. ಮನೆಯಲ್ಲಿದೆ, ಆಮೇಲೆ ಕೊಡುತ್ತೇನೆ" ಎಂಬ ಉತ್ತರ ಬಂದಾಗ ಮೂಲ ಪ್ರತಿ ಕಣ್ಣಿಗೆ ಬೀಳುವವರೆಗೆ ಮುಂಗಡ ಕೊಡದಿರುವುದು ಲೇಸು.

ಎಂಪರಿವಾಹನ್ ಆಪ್‌ನಲ್ಲಿ ವಾಹನದ ಸಂಖ್ಯೆ ಕೊಟ್ಟರೆ ನೋಂದಣಿ ದಿನಾಂಕ, ಸಾಲದ ನಮೂದು, ಎಫ್.ಸಿ. ಮತ್ತು ವಿಮೆಯ ಅವಧಿ ತಿಳಿಯುತ್ತವೆ. ಆದರೆ ಮಾಲೀಕನ ಹೆಸರು ಪೂರ್ತಿ ಕಾಣದಂತೆ ಅಕ್ಷರಗಳನ್ನು ಮರೆಮಾಡಲಾಗಿರುತ್ತದೆ. ಆದ್ದರಿಂದ ಇದು ಮೂಲ ಆರ್.ಸಿ.ಗೆ ಬದಲಿಯಲ್ಲ. ಚಿಕ್ಕಮಗಳೂರಿನ ಕೆಎ-18 ಮತ್ತು ತರೀಕೆರೆಯ ಕೆಎ-66 ಎರಡೂ ಈ ಭಾಗದಲ್ಲಿ ಓಡಾಡುವುದರಿಂದ, ವಾಹನದ ದಾಖಲೆ ಸದ್ಯ ಯಾವ ಕಚೇರಿಯಲ್ಲಿದೆ ಎಂದು ಕೇಳಿಕೊಂಡರೆ ಅಲೆದಾಟ ತಪ್ಪುತ್ತದೆ.

ಎರಡನೆಯದು ಬಳಕೆ. "ಚೆನ್ನಾಗಿ ಇಟ್ಟುಕೊಂಡಿದ್ದೇವೆ" ಎಂಬುದು ಉತ್ತರವಲ್ಲ. ದಿನಕ್ಕೆ ಎಷ್ಟು ಕಿಲೋಮೀಟರ್, ವರ್ಷದಲ್ಲಿ ಎಷ್ಟು ದಿನ, ಯಾವ ಸರಕು, ಯಾವ ದಾರಿ, ಓಡಿಸಿದವರು ಯಾರು ಎಂದು ಬಿಡಿಸಿ ಕೇಳಬೇಕು. ಈ ಮೂರು ತಾಲ್ಲೂಕುಗಳಲ್ಲಿ ದಾರಿಯ ಪ್ರಶ್ನೆಗೆ ಬಹಳ ಅರ್ಥವಿದೆ. ಕಡೂರು, ಬೀರೂರು, ತರೀಕೆರೆಗಳ ನಡುವಿನ ಹೆದ್ದಾರಿಯಲ್ಲಿ ಓಡಿದ ವಾಹನಕ್ಕೆ ಕಿಲೋಮೀಟರ್ ಹೆಚ್ಚಾಗಿದ್ದರೂ ಯಂತ್ರಭಾಗ ಅಷ್ಟು ಸವೆದಿರುವುದಿಲ್ಲ. ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿಯ ಕಡೆಗೆ ತೋಟಗಳಿಗೆ ಏರಿಳಿದ ವಾಹನದಲ್ಲಿ ಕಿಲೋಮೀಟರ್ ಕಡಿಮೆಯಿದ್ದರೂ ಕ್ಲಚ್ ಮತ್ತು ಬ್ರೇಕ್ ಮುಂಚೆಯೇ ಸೋಲುತ್ತವೆ. ಅಜ್ಜಂಪುರದ ಕಡೆಯ ಹೊಲದ ಹಾದಿಯಲ್ಲಿ ಈರುಳ್ಳಿ ಚೀಲಗಳನ್ನು ಮಿತಿಮೀರಿ ಹೇರಿದ ವಾಹನದ ಪೆಟ್ಟು ಹಿಂಬದಿಯ ಸ್ಪ್ರಿಂಗ್ ಪಟ್ಟಿಗಳಲ್ಲೂ ಚಾಸಿಸ್‌ನಲ್ಲೂ ಕಾಣುತ್ತದೆ. ಪಟ್ಟಿಗಳ ಮೂಲ ಸಂಖ್ಯೆಗಿಂತ ಒಂದೆರಡು ಹೆಚ್ಚಾಗಿ ಸೇರಿಸಿದ್ದರೆ, ಹೇರಿದ ಭಾರ ಎಷ್ಟೆಂದು ಬಾಯಿಬಿಟ್ಟು ಕೇಳಬೇಕಾಗಿಯೇ ಇಲ್ಲ. ಚಾಸಿಸ್‌ನಲ್ಲಿ ಬೆಸುಗೆಯ ಗುರುತು ಅಥವಾ ಒಂದೇ ಜಾಗದಲ್ಲಿ ಹೊಸ ಬಣ್ಣ ಕಂಡರೆ ಅದು ಏಕೆಂದು ವಿಚಾರಿಸಬೇಕು.

ಒಂದು ಉದಾಹರಣೆಯಿಂದ ವಿಷಯ ಇನ್ನಷ್ಟು ತಿಳಿಯಾದೀತು. ಕಡೂರಿನ ಕೊಬ್ಬರಿ ವರ್ತಕರೊಬ್ಬರು ಅಜ್ಜಂಪುರದ ಬಳಿಯ ರೈತ ಕುಟುಂಬದ ನಾಲ್ಕು ಚಕ್ರದ ಸಣ್ಣ ಸರಕು ವಾಹನವನ್ನು ನೋಡಲು ಹೋದರೆಂದು ಭಾವಿಸಬಹುದು. ನೋಂದಣಿ 2018ರ ಮಾರ್ಚ್. ಎಂಟು ವರ್ಷ ತುಂಬಲು ಎರಡು ತಿಂಗಳಿದೆ. ಕೇಳಿದ ಬೆಲೆ ರೂ. 2,90,000. ಮೀಟರ್ ತೋರಿಸುವುದು 64,000 ಕಿ.ಮೀ. "ಸ್ವಂತ ಬೆಳೆಗೆ ಮಾತ್ರ ಸ್ವಾಮಿ, ಮಿಕ್ಕ ಕಾಲ ಕೊಟ್ಟಿಗೆಯಲ್ಲೇ ನಿಂತಿರುತ್ತದೆ" ಎಂಬುದು ಮಾರುವವನ ಮಾತು. ವರ್ಷಕ್ಕೆ ಸುಮಾರು 8,000 ಕಿ.ಮೀ. ಎಂದರೆ ಲೆಕ್ಕ ಸರಿಹೋಗುತ್ತದೆ, ಅನುಮಾನಕ್ಕೆ ಆಸ್ಪದವಿಲ್ಲ.

ಆದರೆ ವರ್ತಕರು ಸರ್ವಿಸ್ ಬಿಲ್ಲುಗಳನ್ನು ಕೇಳುತ್ತಾರೆ. ವಿಮೆಯ ಕಾಗದಗಳ ನಡುವೆ 2022ರ ಸೆಪ್ಟೆಂಬರ್‌ನ ಬಿಲ್ಲೊಂದು ಸಿಗುತ್ತದೆ. ಅದರಲ್ಲಿ ಬರೆದಿರುವುದು 81,000 ಕಿ.ಮೀ. ಮೀಟರ್ ಹಿಂದಕ್ಕೆ ಓಡುವುದಿಲ್ಲ. ಕೆಟ್ಟುಹೋಗಿದ್ದ ಮೀಟರನ್ನು ಬದಲಿಸಲಾಗಿದೆ ಎಂದು ಆಗ ಮಾರುವವನು ಒಪ್ಪುತ್ತಾನೆ. ಬದಲಿಸಿದ್ದರಲ್ಲಿ ವಂಚನೆ ಇರಬೇಕೆಂದಿಲ್ಲ. ಹೇಳದೆ ಉಳಿದದ್ದು ಮಾತ್ರ ಬೆಲೆಗೆ ಸಂಬಂಧಿಸಿದ ಸಂಗತಿ. ನಾಲ್ಕೂವರೆ ವರ್ಷಕ್ಕೆ 81,000 ಎಂದರೆ ವರ್ಷಕ್ಕೆ 18,000, ಅಂದರೆ ವರ್ಷದಲ್ಲಿ 300 ದಿನ ದಿನಂಪ್ರತಿ 60 ಕಿ.ಮೀ. ಇದು ಸ್ವಂತ ಬೆಳೆ ಸಾಗಿಸಿದ ಓಟವಲ್ಲ, ಬಾಡಿಗೆಯ ಓಟ. ಅದೇ ಗತಿಯಲ್ಲಿ ನಡೆದಿದ್ದರೆ ಇಷ್ಟು ಹೊತ್ತಿಗೆ 1,40,000 ದಾಟಿರಬೇಕು. ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ: "ಬಾಡಿಗೆಗೆ ಓಡಿಸಿದವರು ಯಾರು?" ಮನೆಯ ಹುಡುಗನೊಬ್ಬ ಮೂರು ವರ್ಷ ಓಡಿಸಿದ್ದಾನೆ. ಆತನನ್ನು ಕರೆಸಿ ಮಾತನಾಡಿಸಿದರೆ ಕ್ಲಚ್ ಯಾವಾಗ ಬದಲಾಯಿತು, ಇಂಜಿನ್ ಎಂದಾದರೂ ಬಿಚ್ಚಲಾಗಿತ್ತೇ, ಚಳಿಯಲ್ಲಿ ಚಾಲೂ ಆಗಲು ಎಷ್ಟು ಹೊತ್ತು ಬೇಕು ಎಂಬುದೆಲ್ಲ ಮಾಲೀಕನಿಗಿಂತ ಚೆನ್ನಾಗಿ ಹೇಳಬಲ್ಲ. ಓಡಿಸಿದವನಿಗೆ ಬಚ್ಚಿಡಬೇಕಾದ ಹಂಗು ಕಡಿಮೆ.

ಮೂರನೆಯದು, ಮಾರುವ ಕಾರಣ. ಇದನ್ನು ಕೊನೆಯಲ್ಲಿ ಕೇಳುವುದು ಜಾಣತನ. ಅಷ್ಟರಲ್ಲಿ ಕೈಯಲ್ಲಿ ತಾಳೆ ನೋಡಲು ದಿನಾಂಕಗಳಿರುತ್ತವೆ. ಮೇಲಿನ ಉದಾಹರಣೆಯಲ್ಲಿ ಬಂದ ಉತ್ತರ "ದೊಡ್ಡ ಗಾಡಿ ತೆಗೆದುಕೊಳ್ಳುತ್ತಿದ್ದೇವೆ" ಎಂಬುದು. ಯಾವ ಗಾಡಿ, ಬುಕ್ ಆಗಿದೆಯೇ ಎಂದು ಕೇಳಿದರೆ ಮಾತು ತೊದಲುತ್ತದೆ. ಕಾಗದ ಬೇರೆ ಎರಡು ಕಾರಣಗಳನ್ನು ತೋರಿಸುತ್ತಿದೆ. ಸರಕು ವಾಹನಕ್ಕೆ ಎಂಟು ವರ್ಷದವರೆಗೆ ಎಫ್.ಸಿ. ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ. ಈ ವಾಹನದ ಎಫ್.ಸಿ. ಮಾರ್ಚ್‌ನಲ್ಲಿ ಮುಗಿಯುತ್ತದೆ, ಅದಕ್ಕೆ ಮುನ್ನ ಟೈರು, ಬ್ರೇಕ್, ದೀಪ, ಬಣ್ಣದ ಖರ್ಚು ಮೈಮೇಲೆ ಬರುತ್ತದೆ. ಜೊತೆಗೆ ಆರ್.ಸಿ.ಯಲ್ಲಿರುವ ಹೆಸರು ಹಿಂದಿನ ವರ್ಷ ತೀರಿಕೊಂಡ ತಂದೆಯದು. ಮೂವರು ಮಕ್ಕಳ ಪಾಲು ನಡೆಯುತ್ತಿದೆ. ಇವೆರಡೂ ಮರ್ಯಾದೆಯ ಕಾರಣಗಳೇ. ಪಾಲಿಗಾಗಿ ಮಾರುವವನು, ದೋಷ ಮುಚ್ಚಿ ಮಾರುವವನಿಗಿಂತ ಎಷ್ಟೋ ಮೇಲು. ಕೊಳ್ಳುವವನಿಗೆ ಬೇಕಾದದ್ದು ಒಳ್ಳೆಯ ಕಾರಣವಲ್ಲ, ನಿಜವಾದ ಕಾರಣ. ಬೆಲೆಯನ್ನೂ ಷರತ್ತನ್ನೂ ಅದಕ್ಕೆ ತಕ್ಕಂತೆ ಹೇಳಬಹುದು.

ಇಲ್ಲಿ ವರ್ತಕರು ಮೆಕ್ಯಾನಿಕ್‌ನಿಂದ ಎಫ್.ಸಿ. ಖರ್ಚನ್ನು ರೂ. 40,000 ಎಂದು ಅಂದಾಜು ಮಾಡಿಸುತ್ತಾರೆ, ಹೆಚ್ಚಿನ ಓಟಕ್ಕೆ ರೂ. 30,000 ಕಳೆಯುತ್ತಾರೆ, ರೂ. 2,20,000ಕ್ಕೆ ಮಾತು ನಿಲ್ಲಿಸುತ್ತಾರೆ. ಮುಂಗಡ ರೂ. 10,000 ಮಾತ್ರ, ವಾಹನ ವಾರಸುದಾರನ ಹೆಸರಿಗೆ ಬಂದು, ಆತ ನಮೂನೆ 29, 30ಕ್ಕೆ ಸಹಿ ಮಾಡಿದ ದಿನ ಉಳಿದ ಹಣ. ವಿಮೆಯ ಹಳೆಯ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಇದ್ದರೆ ಅದಕ್ಕೆಂದು ಬೆಲೆ ಹೆಚ್ಚಿಸಬೇಕಿಲ್ಲ, ಅದು ಮಾಲೀಕನಿಗೆ ಸೇರಿದ್ದು, ವಾಹನಕ್ಕಲ್ಲ. ಸಮಗ್ರ ವಿಮೆ ತಪ್ಪದೆ ನವೀಕರಣವಾಗಿದ್ದರೂ ಬೋನಸ್ ಸೊನ್ನೆಯಾಗಿದ್ದರೆ ಮಾತ್ರ, ಇತ್ತೀಚೆಗೆ ಯಾವ ಅಪಘಾತಕ್ಕೆ ಕ್ಲೇಮ್ ಮಾಡಲಾಯಿತು ಎಂದು ಕೇಳಲು ಅದು ಒಳ್ಳೆಯ ಸುಳಿವು.

ಹಣವನ್ನು ಬ್ಯಾಂಕಿನ ಮೂಲಕವೇ, ಆರ್.ಸಿ.ಯಲ್ಲಿ ಹೆಸರಿರುವವನ ಖಾತೆಗೇ ಕಳುಹಿಸಬೇಕು. ಒಬ್ಬನಿಗೆ ಒಂದೇ ದಿನ ರೂ. 10,000 ಮೀರಿ ನಗದು ಕೊಟ್ಟರೆ ಆ ಮೊತ್ತವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವಾಹನದ ವೆಚ್ಚಕ್ಕೆ ಸೇರಿಸಲಾಗದು, ಸವಕಳಿಯೂ ಸಿಗದು. "ಭಾವನ ಖಾತೆಗೆ ಹಾಕಿ" ಎಂಬ ಸೂಚನೆ ಬಂದರೆ ಮೊದಲನೆಯ ಪ್ರಶ್ನೆಗೇ ಮರಳಬೇಕಾಗುತ್ತದೆ.

ವಾಹನ ಕೈಗೆ ಬಂದ ದಿನದಿಂದ 14 ದಿನಗಳೊಳಗೆ ವಿಮೆಯನ್ನು ಹೊಸ ಮಾಲೀಕನ ಹೆಸರಿಗೆ ಬದಲಿಸಲು ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಮೂರನೆಯ ವ್ಯಕ್ತಿಗೆ ಆಗುವ ಹಾನಿಯ ರಕ್ಷಣೆ ಕಾಯಿದೆಯ 157ನೇ ಪ್ರಕರಣದಂತೆ ವಾಹನದ ಜೊತೆಯಲ್ಲೇ ಬರುತ್ತದೆ. ಆದರೆ ವಾಹನಕ್ಕೇ ಆಗುವ ಹಾನಿಯ ರಕ್ಷಣೆ ಹಾಗೆ ತಾನಾಗಿ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಕಂಪ್ಲೀಟ್ ಇನ್ಸುಲೇಶನ್ಸ್ ಪ್ರಕರಣದಲ್ಲಿ ತೀರ್ಪಿತ್ತಿದೆ. ಹೆಸರು ಬದಲಾಗುವ ಮುನ್ನವೇ ಕೊಬ್ಬರಿ ಹೇರಿ ಹೊರಟು ದಾರಿಯಲ್ಲಿ ಮಗುಚಿದರೆ, ರಿಪೇರಿಯ ಬಿಲ್ಲು ಪೂರ್ತಿ ವರ್ತಕನ ಕೈಯಿಂದಲೇ ಹೋಗುತ್ತದೆ.