ಆರು ಸ್ಲೈಡಿನಲ್ಲಿ ನೀರುದೋಸೆ

ಇನ್‌ಸ್ಟಾಗ್ರಾಮ್‌ನಲ್ಲಿ ಒಂದೇ ಪೋಸ್ಟಿನೊಳಗೆ ಪಕ್ಕಕ್ಕೆ ಸರಿಸುತ್ತ ನೋಡುವ ಚಿತ್ರಗಳ ಸಾಲಿಗೆ ಕ್ಯಾರೊಸೆಲ್ ಎನ್ನುತ್ತಾರೆ. 2017ರಲ್ಲಿ ಈ ಸೌಲಭ್ಯ ಬಂದಾಗ ಹತ್ತು ಚಿತ್ರಗಳ ಮಿತಿಯಿತ್ತು. 2024ರಲ್ಲಿ ಅದು ಇಪ್ಪತ್ತಕ್ಕೇರಿತು. ಅಡುಗೆ ವಿಧಾನಕ್ಕೆ ಅಷ್ಟೊಂದು ಚಿತ್ರಗಳು ಬೇಕಾಗುವುದಿಲ್ಲ. ಕರಾವಳಿಯ ನೀರುದೋಸೆಯನ್ನು ತೆಗೆದುಕೊಂಡರೆ ಆರು ಸಾಕು: ಮುಖಪುಟ, ಸಾಮಗ್ರಿ, ವಿಧಾನಕ್ಕೆ ಮೂರು, ಬಡಿಸುವ ಸಲಹೆಗೆ ಒಂದು.

ಮುಖಪುಟದಲ್ಲಿ ಮಡಚಿದ ದೋಸೆಯ ಚಿತ್ರ, ಹೆಸರು, ಅದರ ಕೆಳಗೆ ‘ಸುಮಾರು 12 ದೋಸೆ, ನೆನೆಯಲು 4 ಗಂಟೆ’ ಎಂಬ ಒಂದು ಸಾಲು ಇದ್ದರಾಯಿತು. ‘ಬಾಯಲ್ಲಿ ನೀರೂರಿಸುವ’ ಎಂಬ ಮಾತನ್ನು ಚಿತ್ರವೇ ಹೇಳುತ್ತದೆ. ನಾಲ್ಕು ಗಂಟೆ ನೆನೆಸಬೇಕೆಂಬುದನ್ನು ಚಿತ್ರ ಹೇಳಲಾರದು. ಬೆಳಗಿನ ತಿಂಡಿಗೆಂದು ಪೋಸ್ಟ್ ತೆರೆದವರಿಗೆ ಮೊದಲು ತಿಳಿಯಬೇಕಾದದ್ದು ಅದೇ.

ಹೆಚ್ಚು ಎಚ್ಚರ ಬೇಕಾದದ್ದು ಸಾಮಗ್ರಿಯ ಸ್ಲೈಡಿಗೆ. ಅಂಗಡಿಯಲ್ಲಿ ನಿಂತು ನೋಡುವವರು ಬಹುಪಾಲು ಇದೊಂದನ್ನೇ ತೆರೆದಿರುತ್ತಾರೆ. ಸಾಮಗ್ರಿಗಳನ್ನು ಬಳಸುವ ಕ್ರಮದಲ್ಲಿಯೇ ಬರೆಯಬೇಕು: ‘ಬೆಳ್ತಿಗೆ ಅಕ್ಕಿ 1 ಕಪ್, ಕಾಯಿತುರಿ ಅರ್ಧ ಕಪ್, ನೀರು ಸುಮಾರು ಎರಡೂವರೆ ಕಪ್, ಉಪ್ಪು ಅರ್ಧ ಚಮಚ, ಕಾವಲಿಗೆ ಸವರಲು ಎಣ್ಣೆ.’ ‘ಅಕ್ಕಿ’ ಎಂದಷ್ಟೇ ಬರೆದರೆ ಕರಾವಳಿಯ ಮನೆಯಲ್ಲಿ ಕುಚ್ಚಲಕ್ಕಿಯೂ ಇರುತ್ತದೆ, ಓದುವವರು ಯಾವುದನ್ನು ನೆನೆಸಬೇಕು? ಘಟ್ಟದ ಮೇಲಿನವರಿಗೆ ‘ಬೆಳ್ತಿಗೆ’ ಎಂಬ ಮಾತು ಹೊಸದಾದ್ದರಿಂದ ಪಕ್ಕದಲ್ಲಿ ‘ಸೋನಾ ಮಸೂರಿ ಆದೀತು’ ಎಂದು ಸೇರಿಸುವುದು ಒಳ್ಳೆಯದು. ನೀರನ್ನು ಯಾರೂ ಕೊಂಡು ತರುವುದಿಲ್ಲವೆಂದು ಅನೇಕರು ಪಟ್ಟಿಯಿಂದ ಬಿಟ್ಟುಬಿಡುತ್ತಾರೆ. ನೀರೇ ಹೆಸರಾಗಿರುವ ದೋಸೆಯಲ್ಲಿ ಅದರ ಅಳತೆ ಬಿಟ್ಟರೆ ವಿಧಾನವೇ ಕುಂಟುತ್ತದೆ.

ವಿಧಾನದ ಪ್ರತಿ ಸ್ಲೈಡಿನಲ್ಲೂ ಎರಡು ಸಂಗತಿ ಇರಬೇಕು: ಮಾಡಬೇಕಾದ ಕೆಲಸ, ಅದು ಮುಗಿಯಿತೆಂದು ತಿಳಿಯುವ ಗುರುತು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಸಾಲು ಉದ್ದವಾದಷ್ಟೂ ಕೈಗೆ ಕೆಲಸ ಸಿಗುವುದು ತಡ. ‘ನಂತರ ನೆನೆಸಿಟ್ಟುಕೊಂಡಿರುವ ಅಕ್ಕಿಯನ್ನು ಕಾಯಿತುರಿಯೊಂದಿಗೆ ಸೇರಿಸಿಕೊಂಡು ಚೆನ್ನಾಗಿ ರುಬ್ಬಿಕೊಳ್ಳಬೇಕು’ ಎಂಬುದರಲ್ಲಿ ‘ಚೆನ್ನಾಗಿ’ ಎಂದರೆ ಎಷ್ಟೆಂದು ಗೊತ್ತಾಗುವುದಿಲ್ಲ. ಅದನ್ನೇ ಹೀಗೆ ಬರೆಯಬಹುದು: ‘ನೆನೆದ ಅಕ್ಕಿ, ಕಾಯಿತುರಿ, ಮುಕ್ಕಾಲು ಕಪ್ ನೀರು ಹಾಕಿ ರುಬ್ಬಿ. ಬೆರಳಿಗೆ ತರಿ ಸಿಗಬಾರದು.’ ಮಾತು ಕಡಿಮೆಯಾಗಿದೆ, ಮಾಹಿತಿ ಹೆಚ್ಚಾಗಿದೆ.

ಮುಂದಿನದು ಹದದ ಸ್ಲೈಡು: ‘ಉಪ್ಪು, ಉಳಿದ ನೀರು ಸೇರಿಸಿ. ಹಿಟ್ಟು ನೀರುಮಜ್ಜಿಗೆಯಷ್ಟು ತೆಳ್ಳಗಿರಲಿ.’ ಅಕ್ಕಿಯಿಂದ ಅಕ್ಕಿಗೆ ನೀರು ಹಿಡಿಯುವುದು ಬೇರೆಯಾಗುವುದರಿಂದ ಇಲ್ಲಿ ಕಪ್ಪಿನ ಅಳತೆಗಿಂತ ಮಜ್ಜಿಗೆಯ ಹೋಲಿಕೆ ಹೆಚ್ಚು ನಂಬಿಕೆಯದು. ಮೊದಲ ದೋಸೆ ದಪ್ಪವಾಗಿ ಬಿರುಸಾದರೆ ಇನ್ನಷ್ಟು ನೀರು ಬೇಕು, ಎಬ್ಬಿಸುವಾಗ ಹರಿದರೆ ಒಂದು ಚಮಚ ಅಕ್ಕಿಹಿಟ್ಟು ಬೇಕು. ಈ ಪರಿಹಾರವನ್ನು ಚಿತ್ರದ ಕೆಳಗಿನ ಬರಹಕ್ಕೆ ತಳ್ಳದೆ ಇದೇ ಸ್ಲೈಡಿನಲ್ಲಿ ಚಿಕ್ಕದಾಗಿ ಇಡಬೇಕು. ಕೈಗೆ ಹಿಟ್ಟು ಮೆತ್ತಿದವರು ಆ ಬರಹವನ್ನು ತೆರೆದು ಹುಡುಕುವುದಿಲ್ಲ.

ಮೂರನೆಯದು ಹೊಯ್ಯುವ ಸ್ಲೈಡು: ‘ಪ್ರತಿ ಸಲವೂ ಹಿಟ್ಟು ತಿರುವಿ. ಚೆನ್ನಾಗಿ ಕಾದ ಕಾವಲಿಗೆ ಅಂಚಿನಿಂದ ನಡುವಿಗೆ ಹೊಯ್ಯಿರಿ, ಸೌಟಿನಿಂದ ಹರಡಬೇಡಿ. ಮುಚ್ಚಿ 1 ನಿಮಿಷ ಬೇಯಿಸಿ. ಮಗುಚುವುದು ಬೇಡ.’ ಅಕ್ಕಿಯ ಹಿಟ್ಟು ಬೇಗನೆ ತಳಕ್ಕಿಳಿಯುತ್ತದೆ. ತಿರುವದೆ ಹೊಯ್ದರೆ ಮೊದಲ ದೋಸೆಗಳು ನೀರುನೀರಾಗಿ, ಕೊನೆಯವು ಗಟ್ಟಿಯಾಗಿ ಬರುತ್ತವೆ. ಇಲ್ಲಿ ಚಿತ್ರ ಬಹಳ ಕೆಲಸ ಮಾಡುತ್ತದೆ. ಹೊಯ್ದ ಕೂಡಲೇ ಏಳುವ ಸಣ್ಣ ತೂತುಗಳನ್ನು ಹತ್ತಿರದಿಂದ ತೆಗೆದು ತೋರಿಸಿದರೆ ಸರಿಯಾದ ಕಾವು ಯಾವುದೆಂದು ನೋಡುವವರಿಗೆ ತಿಳಿಯುತ್ತದೆ. ತೂತು ಬಾರದಿದ್ದರೆ ಕಾವಲಿ ಕಾದಿಲ್ಲ ಅಥವಾ ಹಿಟ್ಟು ಗಟ್ಟಿಯಾಗಿದೆ.

ಅಕ್ಷರದ ಅಳತೆಗೂ ಮಿತಿಯಿದೆ. 1080 ಪಿಕ್ಸೆಲ್ ಅಗಲ, 1350 ಪಿಕ್ಸೆಲ್ ಎತ್ತರದ ಚಿತ್ರದಲ್ಲಿ ನಾಲ್ಕೈದು ಸಾಲು ದಾಟಿದರೆ ಒಲೆಯ ಪಕ್ಕದಲ್ಲಿಟ್ಟ ಫೋನಿನಿಂದ ಓದುವುದು ಕಷ್ಟ. ಇಂಗ್ಲಿಷಿಗೆಂದು ಮಾಡಿದ ವಿನ್ಯಾಸವನ್ನು ಹಾಗೆಯೇ ಬಳಸಿದರೆ ಇನ್ನೊಂದು ತೊಡಕು: ‘ಹೊಯ್ಯಿರಿ’, ‘ಉಪ್ಪು’ ಇಂಥ ಪದಗಳ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಸಾಲುಗಳ ನಡುವಿನ ಅಂತರವನ್ನು ಹೆಚ್ಚಿಸಿದರೆ ಇದು ಸರಿಹೋಗುತ್ತದೆ.

ಕೊನೆಯ ಸ್ಲೈಡಿನಲ್ಲಿ ‘ಬಿಸಿಬಿಸಿಯಾಗಿ ಸವಿಯಿರಿ’ ಎಂದು ಬರೆದರೆ ಅದು ಯಾವ ತಿಂಡಿಗೂ ಹೊಂದುವ ಮಾತು. ನೀರುದೋಸೆಗೆ ಮಾತ್ರ ಹೊಂದುವ ಸಲಹೆ ಬೇರೆ ಇದೆ: ‘ಬಿಸಿ ದೋಸೆಗಳನ್ನು ಒಂದರ ಮೇಲೊಂದು ಹಾಕಬೇಡಿ, ಅಂಟಿಕೊಳ್ಳುತ್ತವೆ. ತಟ್ಟೆಯಲ್ಲಿ ಅರ್ಧ ನಿಮಿಷ ಆರಲು ಬಿಟ್ಟು, ಮಡಚಿ ಜೋಡಿಸಿ. ಕಾಯಿಬೆಲ್ಲದ ಜೊತೆ ಬಡಿಸಿ.’ ಹೀಗೆ ಬರೆದ ಮೇಲೆ ಎರಡನೆಯ ಸ್ಲೈಡಿಗೆ ಹಿಂದಿರುಗಬೇಕಾಗುತ್ತದೆ. ಕಾಯಿಬೆಲ್ಲಕ್ಕೆ ಇನ್ನೂ ಅರ್ಧ ಕಪ್ ಕಾಯಿತುರಿ, ಎರಡು ದೊಡ್ಡ ಚಮಚ ಬೆಲ್ಲ, ಚಿಟಿಕೆ ಏಲಕ್ಕಿಪುಡಿ ಬೇಕು. ‘ಬಡಿಸಲು’ ಎಂಬ ತಲೆಬರಹದ ಕೆಳಗೆ ಅದನ್ನು ಸಾಮಗ್ರಿಯ ಸ್ಲೈಡಿನಲ್ಲೇ ಸೇರಿಸದಿದ್ದರೆ, ಅರ್ಧ ಹೋಳು ಕಾಯಿ ತಂದವರಿಗೆ ಕೊನೆಯ ಸ್ಲೈಡು ತಲುಪಿದಾಗ ತುರಿಯಲು ಏನೂ ಉಳಿದಿರುವುದಿಲ್ಲ.