ಶುಗರ್ ಸ್ಟ್ರಿಪ್ ಡಬ್ಬಿಗೆ ಎರಡು ಎಕ್ಸ್‌ಪೈರಿ: ಒಂದು ಅಚ್ಚಾಗಿರತ್ತೆ, ಇನ್ನೊಂದನ್ನ ನೀವೇ ಬರೀಬೇಕು

(ಕಂತಿನ ಲಿಖಿತ ರೂಪ)

ಮನೆಯಲ್ಲಿ ಗ್ಲುಕೋಮೀಟರ್ ಇದ್ರೆ, ಇದನ್ನ ಕೇಳ್ತಾ ಕೇಳ್ತಾನೇ ಅದರ ಸ್ಟ್ರಿಪ್ ಡಬ್ಬಿ ಕೈಗೆ ತಗೊಳ್ಳಿ. ಲೇಬಲ್ ಮೇಲೆ ಒಂದು ದಿನಾಂಕ ಅಚ್ಚಾಗಿರತ್ತೆ, ಪಕ್ಕದಲ್ಲಿ ಮರಳು ಗಡಿಯಾರದ ಚಿಹ್ನೆ. ಅದು ಎಕ್ಸ್‌ಪೈರಿ. ತಿಂಗಳು, ವರ್ಷ ಮಾತ್ರ ಇದ್ರೆ ಆ ತಿಂಗಳ ಕೊನೆಯ ದಿನದವರೆಗೆ ಅಂತ ಅರ್ಥ. ಆದರೆ ಆ ದಿನಾಂಕ ಸಾಮಾನ್ಯವಾಗಿ ಮುಚ್ಚಳ ತೆಗೆಯದ ಡಬ್ಬಿಗೆ. ಒಮ್ಮೆ ತೆಗೆದ ಮೇಲೆ ಬಹಳಷ್ಟು ಬ್ರ್ಯಾಂಡ್‌ಗಳಲ್ಲಿ ಇನ್ನೊಂದು ಲೆಕ್ಕ ಶುರುವಾಗತ್ತೆ. ಕೆಲವದಕ್ಕೆ 3 ತಿಂಗಳು, ಕೆಲವದಕ್ಕೆ 6 ತಿಂಗಳು. ಮುಚ್ಚಳ ಸರಿಯಾಗಿ ಹಾಕಿಟ್ರೆ ಅಚ್ಚಾದ ದಿನಾಂಕದವರೆಗೂ ನಡೆಯೋ ಸ್ಟ್ರಿಪ್‌ಗಳೂ ಇವೆ. ನಿಮ್ಮದು ಯಾವುದು ಅಂತ ಪೆಟ್ಟಿಗೆಯೊಳಗೆ ಮಡಚಿಟ್ಟ ಆ ತೆಳು ಕಾಗದದಲ್ಲೇ ಇರತ್ತೆ. ಎರಡರಲ್ಲಿ ಯಾವ ದಿನ ಮೊದಲು ಬರತ್ತೋ ಅಲ್ಲಿಗೆ ಆ ಡಬ್ಬಿಯ ಕಥೆ ಮುಗೀತು.

ಮುಚ್ಚಳ ತೆಗೆದ್ರೆ ಏನಾಗತ್ತೆ? ಸ್ಟ್ರಿಪ್ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾಗಿ ಒಂದು ಎನ್‌ಜೈಮ್ ಬಳಿದಿರ್ತಾರೆ. ಅದರ ಜೊತೆಗೆ ಎಲೆಕ್ಟ್ರಾನ್‌ಗಳನ್ನ ಸಾಗಿಸೋ ಒಂದು ರಾಸಾಯನಿಕ. ರಕ್ತದ ಸಕ್ಕರೆ ಎನ್‌ಜೈಮ್ ಜೊತೆ ಸೇರಿದಾಗ ಹುಟ್ಟೋ ಎಲೆಕ್ಟ್ರಾನ್‌ಗಳು ಸಣ್ಣ ಕರೆಂಟ್ ಆಗಿ ಮೀಟರ್‌ಗೆ ತಲುಪ್ತವೆ, ಮೀಟರ್ ಆ ಕರೆಂಟನ್ನ ಅಳೆದು ನಂಬರ್ ತೋರಿಸತ್ತೆ. ಈ ಎರಡೂ ವಸ್ತುಗಳಿಗೆ ತೇವ ಮತ್ತು ಬಿಸಿ ಆಗಿಬರಲ್ಲ. ಎನ್‌ಜೈಮ್ ಸೊರಗಿದ್ರೆ ಕರೆಂಟ್ ಕಡಿಮೆ ಬಂದು ಶುಗರ್ ಇರೋದಕ್ಕಿಂತ ಕಡಿಮೆ ಕಾಣಬಹುದು. ಆ ರಾಸಾಯನಿಕ ರಕ್ತ ಬೀಳೋ ಮೊದಲೇ ತಾನಾಗಿ ಬದಲಾಗಿಬಿಟ್ಟಿದ್ರೆ, ಸಕ್ಕರೆಯಿಂದ ಬರದ ಕರೆಂಟೂ ಸೇರಿಕೊಂಡು ನಂಬರ್ ಮೇಲಕ್ಕೆ ಹೋಗಬಹುದು. ಅಂದ್ರೆ ಹಾಳಾದ ಸ್ಟ್ರಿಪ್ ಯಾವ ಕಡೆ ಸುಳ್ಳು ಹೇಳತ್ತೆ ಅಂತ ಮೊದಲೇ ಊಹಿಸೋಕಾಗಲ್ಲ. ಹಳೇ ಸ್ಟ್ರಿಪ್ ಅಲ್ವಾ, ಒಂದಿಪ್ಪತ್ತು ಕಳೆದುಕೊಂಡ್ರಾಯ್ತು ಅನ್ನೋ ಮನೆಲೆಕ್ಕ ಇಲ್ಲಿ ನಡೆಯಲ್ಲ.

ತೇವ ತಡೆಯೋಕೆ ಡಬ್ಬಿಯ ಮುಚ್ಚಳದಲ್ಲೋ ಒಳಗೋಡೆಯಲ್ಲೋ ತೇವ ಹೀರೋ ವಸ್ತು ಇರತ್ತೆ. ಪ್ರತಿ ಸಲ ಮುಚ್ಚಳ ತೆಗೆದಾಗ ಹೊರಗಿನ ಗಾಳಿ ಒಳಗೆ ಹೋಗತ್ತೆ, ಅದು ಅಷ್ಟಷ್ಟು ತೇವ ಕುಡೀತಾ ಬರತ್ತೆ. ಅದಕ್ಕೂ ಒಂದು ಮಿತಿ ಇದೆ. ಸ್ಟ್ರಿಪ್‌ಗಳನ್ನ ಬೇರೆ ಡಬ್ಬಿಗೋ ಮೀಟರ್ ಪೌಚ್‌ಗೋ ಹಾಕಿಟ್ಟುಕೊಳ್ಳಬೇಡಿ ಅನ್ನೋದು ಇದಕ್ಕೇ. ಒಂದೊಂದನ್ನೂ ಫಾಯಿಲ್‌ನಲ್ಲಿ ಸುತ್ತಿರೋ ಸ್ಟ್ರಿಪ್‌ಗೆ ಈ ರಗಳೆ ಇಲ್ಲ, ಆದರೆ ಫಾಯಿಲ್ ಹರಿದ ಮೇಲೆ ತಕ್ಷಣ ಬಳಸಿಬಿಡಬೇಕು.

ನಮ್ಮ ದೊಡ್ಡಮ್ಮ ಮಂಗಳೂರಲ್ಲಿರ್ತಾರೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 110, 120 ಬರ್ತಿದ್ದ ಶುಗರ್ ಮಳೆಗಾಲ ಶುರುವಾದ ಮೇಲೆ 150, 160 ತೋರಿಸೋಕೆ ಶುರುವಾಯ್ತು. ಊಟ ಅದೇ, ಮಾತ್ರೆ ಅದೇ. ಮಾತ್ರೆ ಹೆಚ್ಚಿಸಬೇಕೇನೋ ಅಂತ ಕೇಳಿದಾಗ ಡಾಕ್ಟರು, ಮೊದಲು ಲ್ಯಾಬ್‌ನಲ್ಲಿ ಒಂದು ಫಾಸ್ಟಿಂಗ್ ಮಾಡಿಸಿ ಅಂದ್ರು. ಲ್ಯಾಬ್‌ಗೆ ರಕ್ತ ಕೊಟ್ಟ ಕೂಡಲೇ ಅಲ್ಲೇ ಕೂತು ಮೀಟರ್‌ನಲ್ಲೂ ನೋಡಿದ್ರು, 157. ಲ್ಯಾಬ್ ರಿಪೋರ್ಟ್ ಬಂತು, 118. ಮೀಟರ್ ಮತ್ತು ಲ್ಯಾಬ್ ಮಧ್ಯೆ ಸ್ವಲ್ಪ ವ್ಯತ್ಯಾಸ ಇದ್ದೇ ಇರತ್ತೆ. ಮೀಟರ್‌ಗಳಿಗಿರೋ ಅಂತಾರಾಷ್ಟ್ರೀಯ ಮಾನದಂಡದಲ್ಲಿ, ಶುಗರ್ 100ಕ್ಕಿಂತ ಮೇಲಿದ್ರೆ ಶೇಕಡಾ 15ರಷ್ಟು ಹೆಚ್ಚುಕಮ್ಮಿಗೆ ಅವಕಾಶ ಇದೆ. 118ಕ್ಕೆ ಅದು ಸುಮಾರು 18. ಇಲ್ಲಿ ವ್ಯತ್ಯಾಸ 39.

ಡಬ್ಬಿ ನೋಡಿದ್ರೆ ಎಕ್ಸ್‌ಪೈರಿಗೆ ಇನ್ನೂ ಒಂದು ವರ್ಷ ಇತ್ತು. ಆದರೆ ತೆಗೆದಿದ್ದು ಸಂಕ್ರಾಂತಿ ಹೊತ್ತಿಗೆ, ಇದು ಜುಲೈ. ಆ ಸ್ಟ್ರಿಪ್‌ಗೆ ಕಾಗದದಲ್ಲಿ ಹೇಳಿದ್ದು 3 ತಿಂಗಳು. ಸಾಲದ್ದಕ್ಕೆ ದೊಡ್ಡಮ್ಮನಿಗೆ ಬೆರಳ ಗಂಟು ನೋವು, ಆ ಬಿಗಿ ಮುಚ್ಚಳ ತೆಗೆಯೋದೇ ಕಷ್ಟ. ಹಾಗಾಗಿ ಮುಚ್ಚಳವನ್ನ ಟಕ್ ಅಂತ ಒತ್ತದೆ ಮೇಲೆ ಸುಮ್ನೆ ಇಟ್ಟಿರ್ತಿದ್ರು. ಮಂಗಳೂರಿನ ಮಳೆಗಾಲದ ಗಾಳಿ ಹಗಲೂ ರಾತ್ರಿ ಒಳಗೆ ಹೋಗ್ತಿತ್ತು. ಅವರು ಮಾತ್ರೆ ಜಾಸ್ತಿ ಮಾಡಿಕೊಂಡಿದ್ರೆ? 118 ಇದ್ದ ಶುಗರ್ ಇನ್ನೂ ಇಳಿದು, ಒಂದು ಬೆಳಗ್ಗೆ ಬೆವರಿ ತಲೆ ತಿರುಗಿ ಬೀಳೋ ಸಾಧ್ಯತೆ ಇತ್ತು. ಇನ್ಸುಲಿನ್ ತಗೊಳ್ಳೋರಿಗಂತೂ ಈ ಅಪಾಯ ಇನ್ನೂ ಹತ್ತಿರದ್ದು.

ಖಚಿತಪಡಿಸಿಕೊಳ್ಳೋಕೆ ಕಂಟ್ರೋಲ್ ಸೊಲ್ಯೂಷನ್ ತರಿಸಿದ್ವಿ. ಇದು ಸಕ್ಕರೆ ಪ್ರಮಾಣ ಮೊದಲೇ ಗೊತ್ತಿರೋ ಒಂದು ದ್ರವ. ನಿಮ್ಮ ಮೀಟರ್ ಕಂಪನಿಯದ್ದೇ ಆಗಬೇಕು, ಮೆಡಿಕಲ್ ಶಾಪ್‌ನಲ್ಲಿ ಸಿಗದಿದ್ರೆ ಕಂಪನಿಯ ಸಹಾಯವಾಣಿಗೆ ಕೇಳಿ. ಬಾಟಲಿ ಅಲುಗಾಡಿಸಿ, ಮೊದಲ ಹನಿ ಬಿಸಾಕಿ, ಎರಡನೇ ಹನಿಯನ್ನ ಸ್ವಚ್ಛವಾದ ಜಾಗದಲ್ಲಿ ಬಿಟ್ಟು ಅದಕ್ಕೆ ಸ್ಟ್ರಿಪ್ ತಾಗಿಸಬೇಕು. ಕೆಲವು ಮೀಟರ್‌ಗಳಲ್ಲಿ ಇದಕ್ಕೆ ಬೇರೆ ಮೋಡ್ ಒತ್ತಬೇಕು. ಬರೋ ನಂಬರು ಸ್ಟ್ರಿಪ್ ಡಬ್ಬಿ ಮೇಲೆ ಬರೆದಿರೋ ಮಿತಿಯೊಳಗೆ ಇರಬೇಕು. ದೊಡ್ಡಮ್ಮನ ಡಬ್ಬಿಯಲ್ಲಿ 102ರಿಂದ 138 ಅಂತ ಇತ್ತು. ಬಂದಿದ್ದು 171. ಇನ್ನೊಂದು ಸ್ಟ್ರಿಪ್ ಹಾಕಿದ್ವಿ, 168. ಹೊಸ ಡಬ್ಬಿ ತೆಗೆದು ಅದೇ ಮೀಟರ್, ಅದೇ ಬಾಟಲಿ, 121. ಅಲ್ಲಿಗೆ ತಪ್ಪು ಮೀಟರಿನದ್ದಲ್ಲ ಅಂತ ಗೊತ್ತಾಯ್ತು. ಅಂದಹಾಗೆ ಕಂಟ್ರೋಲ್ ಸೊಲ್ಯೂಷನ್‌ಗೂ ತೆಗೆದ ಮೇಲೆ ಸಾಮಾನ್ಯವಾಗಿ 3 ತಿಂಗಳೇ ಆಯಸ್ಸು. ಮತ್ತೆ, ಅವಧಿ ಮೀರಿದ ಸ್ಟ್ರಿಪ್ ಒಂದು ಸಲ ಪಾಸಾಯ್ತು ಅಂತ ಡಬ್ಬಿ ಪೂರ್ತಿ ಬಳಸೋ ಹಾಗಿಲ್ಲ, ಪಕ್ಕದ ಸ್ಟ್ರಿಪ್ ಹೇಗಿದೆಯೋ ಯಾರಿಗೆ ಗೊತ್ತು.

ನೋಡಿದ್ರೆ ಗೊತ್ತಾಗಲ್ವಾ ಅಂತ ಕೇಳ್ತೀರಿ. ಕೆಲವು ಸಲ ಗೊತ್ತಾಗತ್ತೆ. ತುದಿಯ ಬಣ್ಣ ಬದಲಾಗಿರೋದು, ಸ್ಟ್ರಿಪ್‌ಗಳು ಒಂದಕ್ಕೊಂದು ಅಂಟಿಕೊಂಡಿರೋದು, ಬಾಗಿರೋದು, ರಕ್ತದ ಹನಿಯನ್ನ ಸರಿಯಾಗಿ ಎಳೆದುಕೊಳ್ಳದೇ ಇರೋದು, ಹಾಕಿದಾಗಲೆಲ್ಲ ಮೀಟರ್ ಎರರ್ ತೋರಿಸೋದು. ಬಣ್ಣದಿಂದ ಅಳೆಯೋ ಕೆಲವು ಸ್ಟ್ರಿಪ್‌ಗಳ ಹಿಂಬದಿಯಲ್ಲಿ ಸಣ್ಣ ಕಿಟಕಿ ಇರತ್ತೆ, ಬಳಸೋ ಮೊದಲು ಅದರ ಬಣ್ಣವನ್ನ ಡಬ್ಬಿ ಮೇಲಿನ ಬಣ್ಣದ ಜೊತೆ ಹೋಲಿಸಬಹುದು. ಆದರೆ ದೊಡ್ಡಮ್ಮನ ಸ್ಟ್ರಿಪ್ ಹೊಸದರ ಪಕ್ಕ ಇಟ್ರೆ ಅವಳಿಜವಳಿ ಥರ ಇತ್ತು. ಹಾಗಾಗಿ ನಾನು ಕಣ್ಣಿಗಿಂತ ನಂಬರಿನ ನಡವಳಿಕೆಯನ್ನ ನಂಬ್ತೀನಿ: ಕೈ ತೊಳೆದು ಒರೆಸಿಕೊಂಡು ಬೆನ್ನುಬೆನ್ನಿಗೆ ಎರಡು ಸಲ ನೋಡಿದ್ರೂ ಭಾರೀ ವ್ಯತ್ಯಾಸ ಬಂದ್ರೆ, ಅಥವಾ ದೇಹಕ್ಕೆ ಅನ್ನಿಸೋದಕ್ಕೂ ನಂಬರಿಗೂ ತಾಳಮೇಳ ಇಲ್ಲದಿದ್ರೆ, ಮೊದಲು ಡಬ್ಬಿ ತೆಗೆದ ದಿನ ನೋಡಿ. ಕೈಯಲ್ಲಿ ಬಾಳೆಹಣ್ಣಿನ ಅಂಟಿದ್ರೂ ನಂಬರ್ ಏರತ್ತೆ, ಅದಕ್ಕೇ ಕೈ ತೊಳೆಯೋದು.

ಈಗ ನಾನು ಬಿಕಾಂ ಓದಿದ್ದಕ್ಕೆ ಒಂದು ದುಡ್ಡಿನ ಲೆಕ್ಕ. ಉದಾಹರಣೆಗೆ 25 ಸ್ಟ್ರಿಪ್‌ಗೆ 500 ರೂಪಾಯಿ, 50 ಸ್ಟ್ರಿಪ್‌ಗೆ 900 ಅಂತಿಟ್ಕೊಳ್ಳಿ. 50ರದ್ದು ಒಂದಕ್ಕೆ 18 ರೂಪಾಯಿ, ಅಗ್ಗ ಅನ್ಸತ್ತೆ. ಆದರೆ ವಾರಕ್ಕೆ ಎರಡೇ ಸಲ ನೋಡೋರು 3 ತಿಂಗಳಲ್ಲಿ ಬಳಸೋದು ಸುಮಾರು 25. ಐವತ್ತೂ ಒಂದೇ ಡಬ್ಬಿಯಲ್ಲಿದ್ದು ಅದರ ಆಯಸ್ಸು 3 ತಿಂಗಳಾದ್ರೆ, ಉಳಿದರ್ಧ ಕಸದ ಬುಟ್ಟಿಗೆ. ಬಳಸಿದ ಒಂದೊಂದಕ್ಕೂ 36 ರೂಪಾಯಿ ಬಿತ್ತು, ಚಿಕ್ಕ ಡಬ್ಬಿಯಾದ್ರೆ 20. ಕೆಲವು ಕಂಪನಿಗಳ 50ರ ಪೆಟ್ಟಿಗೆಯಲ್ಲಿ 25ರ ಎರಡು ಡಬ್ಬಿ ಇರತ್ತೆ. ಅಂಥದ್ದಾದ್ರೆ ಧೈರ್ಯವಾಗಿ ತಗೊಳ್ಳಿ, ಎರಡನೇದನ್ನ ಮುಟ್ಟಬೇಡಿ ಅಷ್ಟೆ. ಆನ್‌ಲೈನ್‌ನಲ್ಲಿ ಭಾರೀ ರಿಯಾಯಿತಿ ಕಂಡ್ರೆ, ಪೆಟ್ಟಿಗೆ ಕೈಗೆ ಬಂದ ತಕ್ಷಣ ಅಚ್ಚಾದ ದಿನಾಂಕ ನೋಡಿ.

ಇಡೋ ಜಾಗ: ಹೆಚ್ಚಿನವಕ್ಕೆ 30 ಡಿಗ್ರಿ ಒಳಗೆ ಅಂತ ಬರೆದಿರತ್ತೆ. ಫ್ರಿಜ್ ಬೇಡ, ಹೊರಗೆ ತೆಗೆದಾಗ ತೇವ ಕೂರತ್ತೆ. ಬಚ್ಚಲು, ಒಲೆ ಪಕ್ಕ ಬೇಡ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಸ್ಕೂಟರ್ ಡಿಕ್ಕಿಯಲ್ಲಂತೂ ಬೇಡವೇ ಬೇಡ.

ದೊಡ್ಡಮ್ಮ ಈಗ ಡಬ್ಬಿ ತೆಗೆದ ದಿನವೇ ಮಾರ್ಕರ್‌ನಲ್ಲಿ ಅದರ ಮೇಲೆ ಎರಡು ದಿನಾಂಕ ಬರೀತಾರೆ, ತೆಗೆದಿದ್ದು ಮತ್ತು ಎಸೆಯೋದು. ಮುಚ್ಚಳ ಒತ್ತೋ ಕೆಲಸ ಮೊಮ್ಮಗನದ್ದು. ಟಕ್ ಅನ್ನೋ ಸದ್ದು ಅಡುಗೆಮನೆಗೆ ಕೇಳದಿದ್ರೆ ಅವನಿಗೆ ಬೈಗುಳ.